ಕಿರಿದಾದ ನೀರಿನಲ್ಲಿ ಹಿರಿಯ ಹಡಗು

1992ನೆಯ ಇಸವಿ ಆಗಸ್ಟ್ 7ರ ರಾತ್ರಿ ‘ಕ್ವೀನ್ ಎಲಿಜಬೆತ್ 2’ ಎಂಬ ಪ್ರಸಿದ್ಧ ಬ್ರಿಟಿಷ್ ಪ್ರಯಾಣಿಕ ಹಡಗು ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಿಂದ ನ್ಯೂಯಾರ್ಕಿನ ಕಡೆಗೆ ಸಾಗುತ್ತಿತ್ತು. ಅದರ ವೇಗ ಸುಮಾರು 24 ನಾಟ್, ಎಂದರೆ ಗಂಟೆಗೆ 44 ಕಿಲೊಮೀಟರಿಗೂ ಮಿಗಿಲು. ಹಡಗಿನ ತಳ ನೀರಿನೊಳಗೆ ಸುಮಾರು 32 ಅಡಿ ಇಳಿದಿತ್ತು. ಮುಂದಿನ ದಾರಿಯಲ್ಲಿ ಅತಿ ಕಡಮೆ ಆಳವಿದ್ದ ಕಡೆ ನಕ್ಷೆ ತೋರುತ್ತಿದ್ದುದು 39 ಅಡಿ. ಏಳು ಅಡಿಗಳ ಅಂತರವಿದ್ದುದರಿಂದ ಅಧಿಕಾರಿಗಳಿಗೆ ಚಿಂತೆಯಿರಲಿಲ್ಲ. ಆದರೆ ಕಟಿಹಂಕ್ ದ್ವೀಪದ ಬಳಿ ಹಡಗು ಒಮ್ಮೆಲೆ ನಡುಗಿತು. ಅದರ ತಳ ಬಂಡೆಗೆ ಉಜ್ಜಿ ಹರಿದಿತ್ತು. ಪುಣ್ಯಕ್ಕೆ ಪ್ರಾಣಹಾನಿಯಾಗಲಿಲ್ಲ.

ತನಿಖೆಯಲ್ಲಿ ಎರಡು ಸಂಗತಿಗಳು ಹೊರಬಿದ್ದವು. ಆ ಭಾಗದ ಆಳವನ್ನು 1939ರಲ್ಲಿ ಅಳೆದಿದ್ದರು. ನಕ್ಷೆಯಲ್ಲಿ ಕಾಣದ ಬಂಡೆಗಳು ಅಲ್ಲಿ ಇನ್ನಷ್ಟು ಮೇಲಕ್ಕೆ ಎದ್ದಿದ್ದವು. ಇದು ಮೊದಲನೆಯದು. ಆದರೂ ಆ ಬಂಡೆಗಳ ತುದಿ 32 ಅಡಿಗಿಂತ ಕೆಳಗೇ ಇತ್ತು! ನಿಂತ ಹಡಗಾಗಿದ್ದರೆ ಅದು ಅವುಗಳ ಮೇಲೆ ಸುಖವಾಗಿ ತೇಲುತ್ತಿತ್ತು. ಎರಡನೆಯ ಸಂಗತಿಯೇ ನಮಗೆ ಮುಖ್ಯವಾದುದು: ಓಡುತ್ತಿದ್ದ ಆ ಹಡಗು ತನ್ನ ವೇಗದ ಕಾರಣದಿಂದಲೇ ಕೆಳಕ್ಕೆ ಇಳಿದಿತ್ತು. ಹಡಗಿನವರು ಒಂದೆರಡು ಅಡಿ ಇಳಿದೀತೆಂದು ಎಣಿಸಿದ್ದರು. ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿಯ ಅಂದಾಜಿನಲ್ಲಿ ಅದು 4.5ರಿಂದ 8 ಅಡಿ. ನಾವಿಕರು ಈ ಇಳಿತವನ್ನು ‘ಸ್ಕ್ವಾಟ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ‘ಕುಕ್ಕರಿಸುವುದು’ ಎನ್ನಬಹುದು.

ಚಲಿಸಿದ ಮಾತ್ರಕ್ಕೆ ಹಡಗೇಕೆ ಕುಕ್ಕರಿಸಬೇಕು? ಅದರ ಭಾರವೇನೂ ಹೆಚ್ಚಲಿಲ್ಲವಲ್ಲ? ಆರ್ಕಿಮಿಡೀಸನ ನಿಯಮವನ್ನು ಓದಿದ ವಿದ್ಯಾರ್ಥಿ ಈ ಆಕ್ಷೇಪವನ್ನು ಎತ್ತದೆ ಬಿಡನು. ಎತ್ತುವುದು ಸರಿಯೂ ಹೌದು.

ಉತ್ತರವನ್ನು ಶ್ರೀರಂಗಪಟ್ಟಣದ ಹಳೆಯ ಕಲ್ಲಿನ ಸೇತುವೆಯ ಬಳಿ ನಿಂತು ಕಾಣಬಹುದು. ಕಾವೇರಿ ತುಂಬಿ ಹರಿಯುವಾಗ ನೀರು ಕಂಬಗಳ ನಡುವಿನ ಇಕ್ಕಟ್ಟಾದ ಸಂದಿಗಳಲ್ಲಿ ನುಗ್ಗಿ ಹೋಗಬೇಕಾಗುತ್ತದೆ. ಬಂದಷ್ಟು ನೀರು ಹೋಗಲೇಬೇಕು, ದಾರಿ ಮಾತ್ರ ಕಿರಿದು; ಆದುದರಿಂದ ಅಲ್ಲಿ ವೇಗ ಹೆಚ್ಚುತ್ತದೆ. ಈ ಹೆಚ್ಚಿನ ವೇಗಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರಬೇಕು? ಎತ್ತರವನ್ನು ಕಳೆದುಕೊಂಡೇ ನೀರು ಅದನ್ನು ಸಂಪಾದಿಸುತ್ತದೆ. ಕಂಬಗಳ ನಡುವೆ ನೀರಿನ ಮಟ್ಟ ಮೇಲುಹೊಳೆಯ ಮಟ್ಟಕ್ಕಿಂತ ತಗ್ಗಿರುವುದನ್ನು ಕಣ್ಣಾರೆ ನೋಡಬಹುದು. ಬರ್ನೂಲಿಯ ತತ್ತ್ವ ಇದೇ.

ಈಗ ಕಾಲುವೆಯಲ್ಲಿ ಸಾಗುವ ಹಡಗನ್ನು ಊಹಿಸಿಕೊಳ್ಳಿ. ನೀವು ಹಡಗಿನ ಮೇಲೆಯೇ ಕುಳಿತಿದ್ದೀರಿ. ನಿಮ್ಮ ದೃಷ್ಟಿಗೆ ಹಡಗು ನಿಂತಿದೆ. ಕಾಲುವೆಯ ನೀರೆಲ್ಲ ಎದುರಿನಿಂದ ಹರಿದು ಬರುತ್ತಿದೆ. ಹಡಗು ಒಂದು ದೊಡ್ಡ ಸೇತುವೆಯ ಕಂಬವಾಗಿಬಿಟ್ಟಿದೆ. ಅದರ ಎರಡು ಪಕ್ಕಗಳಲ್ಲಿಯೂ ತಳದಡಿಯಲ್ಲಿಯೂ ಉಳಿದ ಸಂದಿಯಲ್ಲೇ ನೀರು ಹಿಂದಕ್ಕೆ ಹೋಗಬೇಕು. ಅಲ್ಲಿ ವೇಗ ಹೆಚ್ಚಿ ಮಟ್ಟ ತಗ್ಗುತ್ತದೆ. ಹಡಗು ತನ್ನ ಸುತ್ತಣ ನೀರಿನೊಡನೆ ತಾನೂ ಇಳಿಯುತ್ತದೆ. ಆರ್ಕಿಮಿಡೀಸನಿಗೆ ಇದರಿಂದ ಭಂಗವಿಲ್ಲ: ಹಡಗು ತಾನು ತೇಲುವ ನೀರಿನಲ್ಲಿ ಹೆಚ್ಚು ಮುಳುಗಿಲ್ಲ, ತೇಲಿಸುವ ನೀರೇ ಕೆಳಗಿಳಿದಿದೆ. ಆದರೆ ನೆಲ ಇಳಿಯಲಿಲ್ಲವಲ್ಲ! ತಳಕ್ಕೂ ನೆಲಕ್ಕೂ ನಡುವಿನ ಅಂತರ ಕುಗ್ಗಿಹೋಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಕಾಲುವೆಯ ಅಡ್ಡಕೊಯ್ತ 5000 ಚದರ ಮೀಟರ್ ಎಂದೂ, ಹಡಗಿನ ಮುಳುಗಿದ ಭಾಗದ ಅಡ್ಡಕೊಯ್ತ 1000 ಚದರ ಮೀಟರ್ ಎಂದೂ ಇಟ್ಟುಕೊಳ್ಳಿ. ಲೆಕ್ಕ ಸುಲಭವಾಗಲೆಂದು ದುಂಡುಮಾಡಿದ ಅಂಕೆಗಳಿವು. ಸೂಯೆಜ್ ಕಾಲುವೆಗೂ ಇಂದಿನ ಅತಿ ದೊಡ್ಡ ಹಡಗುಗಳಿಗೂ ಇವು ಬಹು ದೂರವಲ್ಲ. ಹಡಗಿನ ವೇಗ ಸೆಕೆಂಡಿಗೆ 4 ಮೀಟರ್, ಎಂದರೆ ಸುಮಾರು 8 ನಾಟ್. ನೀರು ಹೋಗಲು ಉಳಿದುದು 4000 ಚದರ ಮೀಟರ್ ದಾರಿ. ಆದ್ದರಿಂದ ಅಲ್ಲಿ ಅದರ ವೇಗ 4 × 5000 ÷ 4000 = 5 ಮೀಟರ್. ಎರಡು ವೇಗಗಳ ವರ್ಗಗಳ ವ್ಯತ್ಯಾಸವನ್ನು ಗುರುತ್ವವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ಮಟ್ಟದ ಇಳಿತ ದೊರೆಯುವುದು: (25 − 16) ÷ 19.6 = 0.46 ಮೀಟರ್. ಸುಮಾರು ಒಂದು ಮೊಳ!

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಮಟ್ಟ ತಗ್ಗಿದಾಗ ನೀರಿನ ದಾರಿಯ ಮೇಲುಭಾಗವೂ ಅಷ್ಟು ಕಡಮೆಯಾಯಿತು. ದಾರಿ ಇನ್ನೂ ಕಿರಿದಾದುದರಿಂದ ವೇಗ ಇನ್ನೂ ಹೆಚ್ಚಬೇಕು, ಮಟ್ಟ ಇನ್ನೂ ತಗ್ಗಬೇಕು. ಕಾಲುವೆಯ ಅಗಲ 300 ಮೀಟರ್, ಹಡಗಿನದು 60 ಮೀಟರ್ ಎಂದು ಹಿಡಿದು ಮತ್ತೆ ಮತ್ತೆ ಲೆಕ್ಕ ಹಾಕಿದರೆ ಇಳಿತ ಸುಮಾರು 0.55 ಮೀಟರಿನಲ್ಲಿ ಬಂದು ನಿಲ್ಲುತ್ತದೆ. ವೇಗವನ್ನು 6 ಮೀಟರಿಗೆ, ಎಂದರೆ ಸುಮಾರು 12 ನಾಟಿಗೆ ಏರಿಸಿ ನೋಡಿ. ಮೊದಲ ಲೆಕ್ಕದಲ್ಲಿ 1.03 ಮೀಟರ್ ಬರುತ್ತದೆ. ಮರುಲೆಕ್ಕಗಳಲ್ಲಿ ಬೆಳೆಯುತ್ತ ಹೋಗಿ 1.75 ಮೀಟರಿನ ಹತ್ತಿರ ನಿಲ್ಲುತ್ತದೆ. ವೇಗ ಒಂದೂವರೆಯಷ್ಟಾದಾಗ ಇಳಿತ ಮೂರರಷ್ಟಾಯಿತು. ಇನ್ನು 7 ಮೀಟರಿಗೆ ಪ್ರಯತ್ನಿಸಿದರೆ ಮರುಲೆಕ್ಕ ಎಲ್ಲಿಯೂ ನಿಲ್ಲುವುದೇ ಇಲ್ಲ, ಸಮೀಕರಣಕ್ಕೆ ಉತ್ತರವಿಲ್ಲ. ನನ್ನ ವಿದ್ಯಾರ್ಥಿಗಳು ಹೀಗಾದಾಗ ಕೂಡಿಸುವುದರಲ್ಲಿ ತಪ್ಪಾಯಿತೆಂದು ಕಾಗದ ಹರಿಯುತ್ತಾರೆ. ತಪ್ಪೇನೂ ಆಗಿಲ್ಲ. ಅಷ್ಟು ನೀರು ಆ ಸಂದಿಯಲ್ಲಿ ಹಿಂದಕ್ಕೆ ಹೋಗಲಾರದು ಎಂದೇ ಗಣಿತ ಹೇಳುತ್ತಿದೆ. ಹೋಗಲಾರದ ನೀರು ಹಡಗಿನ ಮುಂದೆ ರಾಶಿಯಾಗುವುದು. ಎಂಜಿನ್ನಿನ ಬಲವನ್ನು ಎಷ್ಟು ಹೆಚ್ಚಿಸಿದರೂ ಅದು ಅಲೆಗಳಲ್ಲಿ ವ್ಯಯವಾಗುವುದೇ ಹೊರತು ಹಡಗು ಮುಂದೆ ಓಡದು. ಹೀಗೆ ಪ್ರತಿಯೊಂದು ಕಾಲುವೆಯಲ್ಲಿಯೂ ಪ್ರತಿಯೊಂದು ಹಡಗಿಗೆ ಒಂದು ಗಡಿವೇಗವಿದೆ.

ನಮ್ಮ ಲೆಕ್ಕ ಸರಾಸರಿಯದು. ನಿಜವಾದ ಹಡಗು ಸಮವಾಗಿ ಇಳಿಯದೆ ಒಂದು ಕಡೆಗೆ ಹೆಚ್ಚು ಬಾಗುವುದೂ ಉಂಟು. ಎಣ್ಣೆ ಸಾಗಿಸುವ ಹಡಗಿನಂಥ ದುಂಡು ಮೈಯವು ಸಾಮಾನ್ಯವಾಗಿ ಮೂತಿಯ ಕಡೆಗೂ, ಪ್ರಯಾಣಿಕ ಹಡಗಿನಂಥ ತೆಳು ಮೈಯವು ಹಿಂತುದಿಯ ಕಡೆಗೂ ಹೆಚ್ಚು ಇಳಿಯುತ್ತವೆ. ತೆರೆದ ಸಮುದ್ರದಲ್ಲಿ ದಡಗಳಿಲ್ಲದಿದ್ದರೂ ನೆಲ ಹತ್ತಿರವಾದರೆ ಸಾಕು, ತಳದಡಿಯ ಸಂದಿಯೇ ಇಕ್ಕಟ್ಟಾಗುತ್ತದೆ. ‘ಕ್ವೀನ್ ಎಲಿಜಬೆತ್’ಗೆ ಆದುದು ಇದೇ.

ನೀರು ಕಿರಿದಾಗುತ್ತಿರುವುದು ಅನುಭವಿಯಾದ ನಾವಿಕನಿಗೆ ಮೊದಲೇ ತಿಳಿಯುತ್ತದೆ. ಎಂಜಿನ್ ಮೊದಲಿನಂತೆಯೇ ತಿರುಗುತ್ತಿದ್ದರೂ ಹಡಗಿನ ವೇಗ ಇಳಿಯುತ್ತದೆ, ಮೈಯಲ್ಲಿ ನಡುಕ ಹುಟ್ಟುತ್ತದೆ, ಹಿಂದಿನ ಅಲೆ ಎತ್ತರವಾಗುತ್ತದೆ. ಚುಕ್ಕಾಣಿಗೆ ಹಡಗು ತಡವಾಗಿ ಓಗೊಡುತ್ತದೆ. ತಿರುಗುವಾಗ ಹಡಗು ಸ್ವಲ್ಪ ಅಡ್ಡಡ್ಡಲಾಗಿಯೂ ಜಾರಬೇಕಷ್ಟೆ? ಆಗ ಒಂದು ಪಕ್ಕದ ನೀರು ಇನ್ನೊಂದು ಪಕ್ಕಕ್ಕೆ ತಳದಡಿಯಿಂದ ದಾಟಬೇಕು. ಆ ಬಾಗಿಲು ಮುಚ್ಚುತ್ತ ಬಂದರೆ ನೀರು ತುದಿಗಳನ್ನು ಬಳಸಿ ಹೋಗಬೇಕಾಗುತ್ತದೆ. ಆದ್ದರಿಂದಲೇ ಆಳವಿಲ್ಲದ ನೀರಿನಲ್ಲಿ ಹಡಗು ಬಹು ದೊಡ್ಡ ವೃತ್ತದಲ್ಲಿ ತಿರುಗುತ್ತದೆ.

ಇಷ್ಟರವರೆಗೆ ಹಡಗು ಕಾಲುವೆಯ ನಟ್ಟನಡುವೆ ಇತ್ತು. ಅದು ಬಲದಂಡೆಯ ಕಡೆಗೆ ಸ್ವಲ್ಪ ಸರಿಯಿತೆನ್ನಿ. ಬಲಗಡೆಯ ಸಂದಿ ಕಿರಿದಾಯಿತು. ಅಲ್ಲಿ ನೀರಿನ ವೇಗ ಹೆಚ್ಚು, ಮಟ್ಟ ತಗ್ಗು. ಎಡಗಡೆಯ ನೀರು ಅದಕ್ಕಿಂತ ಎತ್ತರವಾಗಿ ನಿಂತು ಹಡಗನ್ನು ಬಲದಂಡೆಗೆ ಒತ್ತುತ್ತದೆ. ಹತ್ತಿರ ಹೋದಷ್ಟೂ ಸಂದಿ ಕಿರಿದು, ಸಂದಿ ಕಿರಿದಾದಷ್ಟೂ ಸೆಳೆತ ಹೆಚ್ಚು. ಮೂತಿಯ ಬಳಿ ಮಾತ್ರ ಕಥೆ ಬೇರೆ. ಮೂತಿ ನೂಕಿದ ನೀರು ದಡಕ್ಕೂ ಹಡಗಿಗೂ ನಡುವೆ ಸಿಕ್ಕಿ ಉಬ್ಬುತ್ತದೆ. ಆ ಉಬ್ಬು ದಿಂಬಿನಂತೆ ಮೂತಿಯನ್ನು ದಡದಿಂದಾಚೆಗೆ ತಳ್ಳುತ್ತದೆ. ಹಿಂತುದಿ ದಡಕ್ಕೆ ಎಳೆಯಲ್ಪಟ್ಟು ಮೂತಿ ಆಚೆಗೆ ತಳ್ಳಲ್ಪಟ್ಟರೆ ಹಡಗು ಎದುರು ದಂಡೆಗೆ ಮುಖಮಾಡಿ ಅಡ್ಡಕ್ಕೆ ನುಗ್ಗುತ್ತದೆ. ಅದನ್ನು ತಡೆಯಲು ಚುಕ್ಕಾಣಿಯವನು ಹತ್ತಿರದ ದಂಡೆಯ ಕಡೆಗೇ ಚುಕ್ಕಾಣಿ ಹಿಡಿಯಬೇಕು! ಇಲ್ಲಿ ಒಂದು ಇಕ್ಕಟ್ಟೂ ಇದೆ. ಚುಕ್ಕಾಣಿಗೆ ಬಲ ಬರುವುದು ಪ್ರೊಪೆಲರ್ ನೂಕಿದ ನೀರು ಅದಕ್ಕೆ ಬಡಿಯುವುದರಿಂದ. ಎಂಜಿನ್ನನ್ನು ಇಳಿಸಿದರೆ ಚುಕ್ಕಾಣಿ ಸೊರಗುತ್ತದೆ. ಏರಿಸಿದರೆ ಹಡಗಿನ ವೇಗದೊಡನೆ ದಡದ ಸೆಳೆತವೂ ಏರುತ್ತದೆ.

2021ರ ಮಾರ್ಚ್ 23ರ ಬೆಳಗ್ಗೆ ಸೂಯೆಜ್ ಕಾಲುವೆಯ ದಕ್ಷಿಣ ಭಾಗದಲ್ಲಿ ‘ಎವರ್ ಗಿವನ್’ ಎಂಬ 400 ಮೀಟರ್ ಉದ್ದದ, ಸುಮಾರು 59 ಮೀಟರ್ ಅಗಲದ ಹಡಗು ಉತ್ತರಾಭಿಮುಖವಾಗಿ ಹೊರಟಿತ್ತು. ಮರಳು ತುಂಬಿದ ಬಿರುಗಾಳಿ ಬೀಸುತ್ತಿತ್ತು; ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿದ್ದ ಹಡಗಿನ ಪಕ್ಕಕ್ಕೆ ಆ ಗಾಳಿಯ ಒತ್ತಡ ಅಲ್ಪವಲ್ಲ. ಕಾಲುವೆಯ ವೇಗಮಿತಿ ಗಂಟೆಗೆ 16 ಕಿಲೊಮೀಟರ್, ಸುಮಾರು 8.6 ನಾಟ್. ಹಡಗಿನಿಂದ ಪ್ರಸಾರವಾದ ಸಂಕೇತಗಳಲ್ಲಿ ಸುಮಾರು 13 ನಾಟ್ ವೇಗ ದಾಖಲಾಗಿದೆ. ನಾವು ಕಂಡ ಗಡಿಯ ಸಮೀಪಕ್ಕೆ ಅದು ಬಂದಿತ್ತೆಂಬುದನ್ನು ವಾಚಕರು ಗಮನಿಸಬಹುದು. ಹಡಗು ಒಂದು ದಂಡೆಯಿಂದ ಇನ್ನೊಂದು ದಂಡೆಯ ಕಡೆಗೆ ಓಲಾಡಿ, ಕೊನೆಗೆ ಪೂರ್ವದ ದಂಡೆಗೆ ಮೂತಿ ನೆಟ್ಟು, ಹಿಂತುದಿಯನ್ನು ಪಶ್ಚಿಮದ ದಂಡೆಗೆ ಚಾಚಿ ಅಡ್ಡಲಾಗಿ ನಿಂತಿತು. ಮಾರ್ಚ್ 29ರವರೆಗೆ ಕಾಲುವೆಯ ಸಂಚಾರವೇ ಸ್ತಬ್ಧವಾಯಿತು. ಗಾಳಿಯ ಪಾಲೆಷ್ಟು, ದಡದ ಪಾಲೆಷ್ಟು ಎಂದು ತೂಗಿ ಹೇಳುವುದು ಕಷ್ಟ. ಆದರೆ ಗಾಳಿ ಒಂದೇ ಕಾರಣವಾಗಿದ್ದರೆ ಹಡಗು ಒಂದೇ ಕಡೆಗೆ ಸರಿಯಬೇಕಾಗಿತ್ತು. ಎರಡೂ ದಂಡೆಗಳ ನಡುವೆ ಓಲಾಡಿದ ರೀತಿಯಲ್ಲಿ ನೀರಿನ ಕೈವಾಡ ಕಾಣುತ್ತದೆಂದೇ ನನ್ನ ಅಭಿಪ್ರಾಯ.

ಈ ಬಲಗಳನ್ನೇ ಕೆಲಸಕ್ಕೆ ಹಚ್ಚುವವರೂ ಇದ್ದಾರೆ. ಅಮೆರಿಕದ ಟೆಕ್ಸಸ್ ಪ್ರಾಂತದ ಹ್ಯೂಸ್ಟನ್ ಹಡಗುಕಾಲುವೆಯಲ್ಲಿ ಎದುರುಬದುರಾಗುವ ಎರಡು ದೊಡ್ಡ ಹಡಗುಗಳು ಮೊದಲಿನಿಂದಲೇ ತಮ್ಮ ತಮ್ಮ ದಂಡೆಗೆ ಸರಿದು ಸಾಗುವುದಿಲ್ಲ, ಏಕೆಂದರೆ ದಂಡೆ ಅವುಗಳನ್ನು ಅಡ್ಡಕ್ಕೆ ತಿರುಗಿಸಿಬಿಟ್ಟೀತು. ಎರಡೂ ಕಾಲುವೆಯ ನಡುವೆಯೇ, ಒಂದರ ಮೂತಿಗೆ ಇನ್ನೊಂದು ಮೂತಿಯಾಗಿ ಬರುತ್ತವೆ. ನೋಡುವವನ ಎದೆ ಝಲ್ಲೆನ್ನುವಷ್ಟು ಹತ್ತಿರ ಬಂದಾಗ ಪೈಲಟರಿಬ್ಬರೂ ತಮ್ಮ ಬಲಕ್ಕೆ ಚುಕ್ಕಾಣಿ ತಿರುಗಿಸುತ್ತಾರೆ. ಎರಡು ಮೂತಿಗಳ ನಡುವೆ ಉಬ್ಬಿದ ನೀರು ಅವುಗಳನ್ನು ಒಂದರಿಂದ ಒಂದನ್ನು ದೂರ ನೂಕುತ್ತದೆ. ಪಕ್ಕಪಕ್ಕದಲ್ಲಿ ಹಾದುಹೋಗುವಷ್ಟರಲ್ಲಿ ಬಲದಂಡೆಯ ದಿಂಬು ಮೂತಿಗೆ ತಗಲಿ ಅದನ್ನು ಮತ್ತೆ ನಡುವಿಗೆ ತಿರುಗಿಸುತ್ತದೆ. ಹಡಗುಗಳು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಅಲ್ಲಿನ ಪೈಲಟರಿಗೆ ಇದು ನಿತ್ಯದ ಕೆಲಸ.