ವಿಡಿಯೊ ತೆಗೆಯಿರಿ ಎಂದರೆ ಎಲ್ಲಿಂದ?

ಬಾಬಾ ರಾಮ್‌ದೇವ್ ಕುರಿತ ‘ಗಾಡ್‌ಮನ್ ಟು ಟೈಕೂನ್’ ಪುಸ್ತಕದ ಕೆಲವು ಭಾಗಗಳು ಮೇಲ್ನೋಟಕ್ಕೆ ಮಾನಹಾನಿಕರ ಎಂದ ದೆಹಲಿ ಹೈಕೋರ್ಟ್, ಅವನ್ನು ಕೈಬಿಡದೆ ಪುಸ್ತಕ ಮಾರುವಂತಿಲ್ಲ ಎಂದು 2018ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತ್ತು. ಆದರೆ ಅದೇ ಭಾಗಗಳ ಸಾರವಿದ್ದ ವಿಡಿಯೊ ಜಾಲತಾಣಗಳಲ್ಲಿ ಹರಿದಾಡತೊಡಗಿತು. ರಾಮ್‌ದೇವ್ ಮತ್ತೆ ಕೋರ್ಟಿಗೆ ಹೋದರು. ಈ ಸಲ ಎದುರಿಗಿದ್ದವರು ಫೇಸ್‌ಬುಕ್, ಗೂಗಲ್, ಯೂಟ್ಯೂಬ್ ಮತ್ತು ಟ್ವಿಟರ್.

ಭಾರತದಲ್ಲಿ ಕಾಣದಂತೆ ತಡೆಯಲು ಕಂಪನಿಗಳ ತಕರಾರಿರಲಿಲ್ಲ. ಜಗತ್ತಿನಾದ್ಯಂತ ಅಳಿಸಲು ಮಾತ್ರ ಅವು ಒಪ್ಪಲಿಲ್ಲ. ಮಾನಹಾನಿಯ ಕಾನೂನು ದೇಶದಿಂದ ದೇಶಕ್ಕೆ ಬೇರೆ, ದೆಹಲಿಯ ಆದೇಶ ಹೊರದೇಶದ ಓದುಗರನ್ನೇಕೆ ಕಟ್ಟಿಹಾಕಬೇಕು ಎಂಬುದು ಅವುಗಳ ವಾದ. ಇದು ತಳ್ಳಿಹಾಕುವಂಥ ವಾದವೇನಲ್ಲ.

2019ರ ಅಕ್ಟೋಬರ್ 23ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಮಧ್ಯಂತರ ಆದೇಶ ಕೊಟ್ಟರು. ಬಳಕೆದಾರರು ಹಾಕಿದ್ದಕ್ಕೆ ಜಾಲತಾಣವನ್ನು ಹೊಣೆ ಮಾಡದಂತೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಆದರೆ ಕೋರ್ಟ್ ಹೇಳಿದ ಮೇಲೂ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ. ಹಾಗಾದರೆ ತೆಗೆಯಬೇಕಾದದ್ದು ಎಲ್ಲಿಂದ? ಕಾಯ್ದೆ ಹೇಳುವುದು ಕಂಪ್ಯೂಟರ್ ಸಂಪನ್ಮೂಲದಿಂದ ಎಂದು, ಮತ್ತು ಅದರ ವ್ಯಾಖ್ಯೆಯಲ್ಲಿ ಇಡೀ ಜಾಲವೂ ಸೇರಿದೆ. ಭಾರತದಿಂದ ಏರಿಸಿದ ವಿಡಿಯೊ ಆ ಜಾಲದಲ್ಲಿ ಎಲ್ಲೆಲ್ಲಿ ಹಬ್ಬಿದೆಯೋ ಅಲ್ಲೆಲ್ಲ ಅದನ್ನು ಅಳಿಸಬೇಕು ಎಂಬುದು ಕೋರ್ಟಿನ ನಿಲುವು. ಇಲ್ಲಿ ಮಾತ್ರ ತಡೆದರೆ ವಿಪಿಎನ್ ಬಳಸಿ ಯಾರು ಬೇಕಾದರೂ ನೋಡಬಹುದು.

ಪಾಲನೆಯ ಕ್ರಮವೂ ಈ ತರ್ಕದಿಂದಲೇ ಹೊರಟಿತು. ದಾವೆಗೆ ಲಗತ್ತಿಸಿದ ಲಿಂಕ್‌ಗಳಲ್ಲಿ ಭಾರತದ ಐಪಿ ವಿಳಾಸದಿಂದ ಏರಿಸಿದವನ್ನು ಜಗತ್ತಿನಾದ್ಯಂತ ತೆಗೆಯಬೇಕು, ಹೊರದೇಶದಿಂದ ಏರಿಸಿದವನ್ನು ಭಾರತದಲ್ಲಿ ಕಾಣದಂತೆ ಮಾಡಿದರೆ ಸಾಕು. ಮುಂದೆ ಹೊಸ ಲಿಂಕ್ ಸಿಕ್ಕರೆ ರಾಮ್‌ದೇವ್ ಕಂಪನಿಗೆ ನೋಟಿಸ್ ಕೊಡಬೇಕು. ಅದು ಮಾನಹಾನಿಕರವಲ್ಲ ಎಂದು ಕಂಪನಿಗೆ ಅನಿಸಿದರೆ ಹಾಗೆಂದು ತಿಳಿಸಬೇಕು, ಆಗ ಕೋರ್ಟಿನ ಬಾಗಿಲು ಮತ್ತೆ ತೆರೆದಿರುತ್ತದೆ. ಈ ಕೊನೆಯ ಅಂಶ ನನಗೆ ಮುಖ್ಯವೆನಿಸುತ್ತದೆ. ದೂರು ಬಂದದ್ದನ್ನೆಲ್ಲ ಕಣ್ಣುಮುಚ್ಚಿ ಅಳಿಸುವಂತಾದರೆ ನ್ಯಾಯವಾದ ಟೀಕೆಗೂ ಉಳಿಗಾಲವಿಲ್ಲ.

ಆದೇಶಕ್ಕೆ ಮಿತಿಗಳೂ ಇವೆ. ಆರೋಪಗಳು ಸುಳ್ಳೆಂದು ಇದು ಅಂತಿಮವಾಗಿ ತೀರ್ಮಾನಿಸಿಲ್ಲ. ಅದು ವಿಚಾರಣೆಯಲ್ಲಿ ಆಗಬೇಕಾದ ಕೆಲಸ. ಆದೇಶದ ವಿರುದ್ಧ ಫೇಸ್‌ಬುಕ್ ವಿಭಾಗೀಯ ಪೀಠಕ್ಕೆ ಮೇಲ್ಮನವಿಯನ್ನೂ ಸಲ್ಲಿಸಿತು. ಇನ್ನೊಂದು ತೊಡಕು ಲಿಂಕಿನಲ್ಲೇ ಇದೆ. ಯೂಟ್ಯೂಬ್ ವಿಳಾಸದಲ್ಲಿ `watch?v=` ಆದ ಮೇಲೆ ಬರುವ 11 ಅಕ್ಷರಗಳೇ ಆ ವಿಡಿಯೊದ ಗುರುತು. ಅದೇ ವಿಡಿಯೊವನ್ನು ಇನ್ನೊಬ್ಬರು ಮತ್ತೆ ಹಾಕಿದರೆ ಗುರುತು ಬೇರೆಯಾಗುತ್ತದೆ, ಹಳೆಯ ಪಟ್ಟಿಯಲ್ಲಿ ಅದು ಇರುವುದಿಲ್ಲ.

ಆದ್ದರಿಂದ ಇಂಥ ದೂರು ಒಯ್ಯುವವರು ಬರೀ ಸ್ಕ್ರೀನ್‌ಶಾಟ್ ಅಥವಾ ಚಾನೆಲ್ ಹೆಸರನ್ನು ನೆಚ್ಚಿ ಕೂರಬೇಡಿ. ಪ್ರತಿ ವಿಡಿಯೊದ ಪೂರ್ಣ ಲಿಂಕನ್ನು, ನೋಡಿದ ದಿನಾಂಕದ ಸಮೇತ ಬರೆದಿಟ್ಟುಕೊಂಡು ವಕೀಲರ ಕೈಗೆ ಕೊಡಿ.