ರಿಮೋಟ್ ಸುಮ್ಮನಿರುವ ಹೊತ್ತನ್ನು ಅಳೆಯುವುದು

ರಿಮೋಟಿನ ಗುಂಡಿ ಒತ್ತಿದಾಗ ಅದರ ತುದಿಯ ಎಲ್‌ಇಡಿ ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತದೆ. ಅದೂ ಒಂದೇ ಸಮನೆ ಅಲ್ಲ. ಒಂದಿಷ್ಟು ಹೊತ್ತು ಮಿನುಗಿ, ಒಂದಿಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಮಿನುಗುತ್ತದೆ. ಜಪಾನಿನ ಎನ್‌ಇಸಿ ಕಂಪನಿ ರೂಪಿಸಿದ, ಇಂದಿಗೂ ಅಗ್ಗದ ರಿಮೋಟ್‌ಗಳಲ್ಲಿ ಹೇರಳವಾಗಿ ಸಿಗುವ ಪದ್ಧತಿಯಲ್ಲಿ ಪ್ರತಿ ಮಿನುಗಿನ ಉದ್ದವೂ ಒಂದೇ, ಸುಮಾರು 562 ಮೈಕ್ರೊಸೆಕೆಂಡ್. ಅದರ ನಂತರದ ಬಿಡುವೂ ಅಷ್ಟೇ ಇದ್ದರೆ ಅದು ಸೊನ್ನೆ. ಮೂರು ಪಟ್ಟು ಇದ್ದರೆ ಒಂದು. ಹೀಗೆ 32 ಬಿಟ್‌ಗಳು ಬರುತ್ತವೆ. ಅವುಗಳಿಗೆ ಮೊದಲು, ಸಂದೇಶ ಶುರುವಾಯಿತೆಂದು ತಿಳಿಸಲು 9 ಮಿಲಿಸೆಕೆಂಡಿನ ಉದ್ದ ಮಿನುಗು, 4.5 ಮಿಲಿಸೆಕೆಂಡಿನ ಬಿಡುವು.

ಟಿವಿಯೊಳಗಿನ ಮೂರು ಕಾಲಿನ ರಿಸೀವರ್ ಆ 38 ಕಿಲೊಹರ್ಟ್ಸ್ ಮಿನುಗನ್ನು ಸೋಸಿ, ಮಿನುಗಿರುವಾಗ ತನ್ನ ಔಟ್‌ಪುಟ್ಟನ್ನು ಕೆಳಗಿಳಿಸುತ್ತದೆ, ಬಿಡುವಿನಲ್ಲಿ ಮೇಲಕ್ಕೆತ್ತುತ್ತದೆ. ತೊಡಕು ಶುರುವಾಗುವುದು ಇಲ್ಲೇ. ರಿಸೀವರ್ ಮಿನುಗಿನ ಉದ್ದವನ್ನು ಇದ್ದ ಹಾಗೆ ಕೊಡುವುದಿಲ್ಲ. ಜನಪ್ರಿಯ ಟಿಎಸ್‌ಒಪಿ ಸರಣಿಯ ಡೇಟಾಶೀಟ್ ಪ್ರಕಾರ ಆರು ಮಿನುಗಿನಷ್ಟು, ಅಂದರೆ ಸುಮಾರು 158 ಮೈಕ್ರೊಸೆಕೆಂಡ್ ಹಿಗ್ಗಬಹುದು. ಮಿನುಗು ಹಿಗ್ಗಿದಷ್ಟು ಬಿಡುವು ಕುಗ್ಗುತ್ತದೆ. 562 ಇರಬೇಕಾದದ್ದು 404ಕ್ಕೆ ಇಳಿಯುತ್ತದೆ. ಬಿಡುವನ್ನಷ್ಟೇ ಅಳೆದು, ಬಿಗಿಯಾದ ಮಿತಿ ಇಟ್ಟವರ ಪ್ರೋಗ್ರಾಂ ಹತ್ತಿರದಿಂದ ಕೆಲಸ ಮಾಡುತ್ತದೆ, ಕೋಣೆಯ ಆ ತುದಿಗೆ ಹೋದರೆ ಮಾಡುವುದಿಲ್ಲ.

ಪರಿಹಾರ ಸರಳ, ನನಗಂತೂ ಬಹಳ ಇಷ್ಟವಾದದ್ದು. ಒಂದು ಮಿನುಗು ಶುರುವಾದ ಕ್ಷಣದಿಂದ ಮುಂದಿನದು ಶುರುವಾಗುವ ಕ್ಷಣದವರೆಗೆ ಅಳೆಯಿರಿ. ಮಿನುಗಿನ ಕೊನೆ ಅತ್ತಿತ್ತ ಸರಿದರೂ ಆ ಮೊತ್ತ ಬದಲಾಗುವುದಿಲ್ಲ. ಸೊನ್ನೆಗೆ 1.125 ಮಿಲಿಸೆಕೆಂಡ್, ಒಂದಕ್ಕೆ 2.25, ಆರಂಭಕ್ಕೆ 13.5. 32ನೇ ಬಿಟ್ಟಿನ ನಂತರ ಇನ್ನೊಂದು ಮಿನುಗು ಬರುವುದೂ ಇದಕ್ಕೇ: ಕೊನೆಯ ಬಿಡುವು ಎಲ್ಲಿ ಮುಗಿಯಿತೆಂದು ತಿಳಿಯಬೇಕಲ್ಲ.

ಅಳೆಯುವ ಕೆಲಸವನ್ನು ಪ್ರೋಗ್ರಾಂಗೆ ಬಿಡಬಾರದು. ಅದು ಬೇರೆ ಕೆಲಸದಲ್ಲಿದ್ದರೆ ಗಡಿಯಾರ ನೋಡುವುದು ತಡವಾಗುತ್ತದೆ. ಆರ್ಡುಯಿನೊ ಊನೊದ ಎಟಿಮೆಗಾ328ಪಿ ಚಿಪ್ಪಿನಲ್ಲಿ ಟೈಮರ್ ಕ್ಯಾಪ್ಚರ್ ಎಂಬ ಸೌಲಭ್ಯವಿದೆ. 8ನೇ ಪಿನ್ನಿನಲ್ಲಿ ಸಿಗ್ನಲ್ ಕೆಳಗಿಳಿದೊಡನೆ ಆ ಕ್ಷಣದ ಎಣಿಕೆಯನ್ನು ಹಾರ್ಡ್‌ವೇರ್ ತಾನೇ `ICR1`ನಲ್ಲಿ ಬರೆದಿಡುತ್ತದೆ. ಪ್ರೋಗ್ರಾಂ ಸ್ವಲ್ಪ ತಡವಾಗಿ ಬಂದು ಓದಿದರೂ ಅಂಕಿ ಸರಿಯಾಗಿಯೇ ಇರುತ್ತದೆ.

```
ISR(TIMER1_CAPT_vect) {
  uint16_t t = ICR1;
  uint16_t d = t - prev;
  prev = t;
  decode(d);
}
```

16 ಮೆಗಾಹರ್ಟ್ಸ್ ಗಡಿಯಾರವನ್ನು 64ರಿಂದ ಭಾಗಿಸಿದರೆ ಒಂದು ಎಣಿಕೆಗೆ 4 ಮೈಕ್ರೊಸೆಕೆಂಡ್. ಆಗ ಸೊನ್ನೆ 281ರ ಆಸುಪಾಸು, ಒಂದು 562ರ ಆಸುಪಾಸು, ಆರಂಭ 3375. ಕಮಾಂಡಿನ ಎಂಟು ಅಂತರಗಳು 566, 279, 561, 284, 280, 283, 564, 279 ಎಂದು ಬಂದವೆನ್ನಿ. ಓದಿದರೆ 1 0 1 0 0 0 1 0. ಕಿರಿಯ ಬಿಟ್ ಮೊದಲು ಬರುವುದರಿಂದ ತಿರುಗಿಸಿ ಬರೆಯಬೇಕು: 01000101, ಅಂದರೆ 69. ಮುಂದಿನ ಎಂಟು ಬಿಟ್‌ಗಳು ಇದರ ತದ್ವಿರುದ್ಧ, 186. ಎರಡೂ ಕೂಡಿ 255 ಆದರೆ ಕಮಾಂಡನ್ನು ಒಪ್ಪಬಹುದು, ಆಗದಿದ್ದರೆ ಬಿಸಾಡಬೇಕು.

ಇನ್ನು ಎಷ್ಟು ಹೆಚ್ಚುಕಮ್ಮಿಯನ್ನು ಸಹಿಸಬೇಕು? ಸೊನ್ನೆ, ಒಂದರ ನಡುವೆ ಎರಡು ಪಟ್ಟು ವ್ಯತ್ಯಾಸ ಇರುವುದರಿಂದ ಅಲ್ಲಿ ಶೇ. 25ರಷ್ಟು ಉದಾರವಾಗಿರಬಹುದು. ಅದೇ ಉದಾರತೆ ಆರಂಭದ ಗುರುತಿಗೆ ನಡೆಯುವುದಿಲ್ಲ. ಗುಂಡಿಯನ್ನು ಒತ್ತಿ ಹಿಡಿದರೆ ರಿಮೋಟ್ ಪೂರ್ತಿ ಸಂದೇಶವನ್ನು ಮತ್ತೆ ಕಳಿಸದೆ, 108 ಮಿಲಿಸೆಕೆಂಡಿಗೊಮ್ಮೆ ಒಂದು ಚಿಕ್ಕ ‘ಮತ್ತೆ ಅದೇ’ ಗುರುತನ್ನು ಕಳಿಸುತ್ತದೆ. ಅದರ ಅಂತರ 11.25 ಮಿಲಿಸೆಕೆಂಡ್. 13.5ಕ್ಕೂ ಅದಕ್ಕೂ ಎಷ್ಟು ಹತ್ತಿರ ನೋಡಿ. ಶೇ. 10 ಬಿಟ್ಟರೂ ಎರಡರ ಮಿತಿಗಳು ಒಂದರ ಮೇಲೊಂದು ಬೀಳುತ್ತವೆ: ಒಂದು 12.375ರವರೆಗೆ ಏರುತ್ತದೆ, ಇನ್ನೊಂದು 12.15ಕ್ಕೆ ಇಳಿಯುತ್ತದೆ. ಶೇ. 8 ಇಟ್ಟರೆ ನಡುವೆ ಸ್ವಲ್ಪ ಜಾಗ ಉಳಿಯುತ್ತದೆ. ವಾಲ್ಯೂಮ್ ಗುಂಡಿ ಒತ್ತಿ ಹಿಡಿದಾಗ ಒಂದೇ ಹೆಜ್ಜೆ ಏರಿ ನಿಂತುಬಿಟ್ಟರೆ ಮೊದಲು ಈ ಮಿತಿಯನ್ನು ನೋಡಬೇಕು.

ಶೇ. 8 ಸಾಲುವುದು ಎರಡೂ ಕಡೆಯ ಗಡಿಯಾರ ನೆಟ್ಟಗಿದ್ದಾಗ ಮಾತ್ರ. ಹೊರಗಿನ ಕ್ರಿಸ್ಟಲ್ ಇಲ್ಲದೆ ಇದೇ ಚಿಪ್ಪನ್ನು ಅದರ ಒಳಗಿನ ಆಸಿಲೇಟರಿನಲ್ಲಿ ಓಡಿಸಿದರೆ ಶೇ. 10ರವರೆಗೂ ತಪ್ಪಿರಬಹುದು. ಆಗ ಎಲ್ಲ ಅಂತರಗಳೂ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಸರಿದಿರುತ್ತವೆ. ಅಂಕಿಗಳನ್ನು ಪರದೆಯ ಮೇಲೆ ಸಾಲಾಗಿ ಮುದ್ರಿಸಿದರೆ ಇದು ತಕ್ಷಣ ತಿಳಿಯುತ್ತದೆ. ಟ್ಯೂಬ್‌ಲೈಟಿನ ಗದ್ದಲವಾದರೆ ಅಂತರಗಳು ಚೆಲ್ಲಾಪಿಲ್ಲಿಯಾಗಿರುತ್ತವೆ.

ಎಣಿಕೆ 65,535 ದಾಟಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಇಲ್ಲಿ ಅದಕ್ಕೆ 262 ಮಿಲಿಸೆಕೆಂಡ್. ಒಂದು ಸುತ್ತಿಗಿಂತ ಕಡಿಮೆ ಅಂತರವಾದರೆ ಕಳೆಯುವ ಲೆಕ್ಕ ತಪ್ಪುವುದಿಲ್ಲ. ಆದರೆ ಹತ್ತು ನಿಮಿಷ ಸುಮ್ಮನಿದ್ದ ನಂತರದ ಮೊದಲ ಅಂತರ ಏನು ಬೇಕಾದರೂ ಆಗಿರಬಹುದು, ಅಪರೂಪಕ್ಕೆ 3375 ಕೂಡ. ಆಗ ಪ್ರೋಗ್ರಾಂ ಬಿಟ್‌ಗಳಿಗಾಗಿ ಕಾಯುತ್ತಿರುವಾಗ ನಿಜವಾದ ಆರಂಭದ ಗುರುತು ಬರುತ್ತದೆ. ಅದನ್ನು ತಪ್ಪು ಬಿಟ್ ಎಂದು ಎಸೆದರೆ ಇಡೀ ಸಂದೇಶ ಹೋಯಿತು. ಹಾಗಾಗಿ ಯಾವ ಹಂತದಲ್ಲಿದ್ದರೂ ಸರಿ, 13.5 ಮಿಲಿಸೆಕೆಂಡಿನ ಅಂತರ ಕಂಡೊಡನೆ ಹಿಂದಿನದನ್ನೆಲ್ಲ ಅಳಿಸಿ ಮೊದಲ ಬಿಟ್ಟಿನಿಂದ ಎಣಿಸತೊಡಗುವಂತೆ `decode` ಬರೆಯಬೇಕು.