ಐದು ಹುಣಸೆಬೀಜ, ಅರ್ಧ ಕಿಲೋ ಕೇಸರಿ

ದೋಸೆಗೆ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದು ಎಂದು ನೆನೆಹಾಕುವ ಮನೆಯಲ್ಲಿ ಅನುಪಾತ ದಿನವೂ ಬಳಕೆಯಾಗುತ್ತದೆ. ಆದರೆ ಅಲ್ಲಿ ಅದು ಒಂದೇ ದಿಕ್ಕಿಗೆ ನಡೆಯುತ್ತದೆ. ಅಳೆದು ಹಾಕುತ್ತಾರೆ, ಬೆರೆಸುತ್ತಾರೆ, ಹಿಟ್ಟು ಎಷ್ಟಾಯಿತೋ ಅಷ್ಟು. ಸಾಲದಿದ್ದರೆ ನಾಳೆ ಇನ್ನೊಂದಿಷ್ಟು. ಆರನೇ ತರಗತಿಯ ಆಸುಪಾಸಿನಲ್ಲಿ ಮಕ್ಕಳಿಗೆ ಬರುವ ಲೆಕ್ಕ ಇದರ ತಿರುವುಮುರುವು. ಒಟ್ಟು ಮೊದಲೇ ಗೊತ್ತಿರುತ್ತದೆ, ಅದನ್ನು ಒಡೆದು ಪಾಲು ಹೇಳಬೇಕು: ಐನೂರನ್ನು 3:2ರಲ್ಲಿ ಹಂಚಿ. ಅಡುಗೆಮನೆಯಲ್ಲಿ ಯಾರೂ ಹೀಗೆ ಹಿಂದಕ್ಕೆ ಲೆಕ್ಕ ಹಾಕುವುದಿಲ್ಲ. ಅದಕ್ಕೇ ಮಗುವಿಗೆ ಈ ಪ್ರಶ್ನೆ ಎಲ್ಲಿಂದಲೋ ಉದುರಿದಂತೆ ಕಾಣುತ್ತದೆ.

ಅಭ್ಯಾಸ ಹಾಳೆಯ ಮೇಲ್ಭಾಗದಲ್ಲಿ ಪುಟ್ಟ ಕಥೆಯೊಂದನ್ನು ಹಾಕುವ ರೂಢಿ ಈಗ ಹೆಚ್ಚಾಗಿದೆ. ಬಹಳಷ್ಟು ಕಥೆಗಳು ಬರೀ ಅಲಂಕಾರ. ಅಜ್ಜಿ ಇರುತ್ತಾಳೆ, ರಂಗೋಲಿ ಇರುತ್ತದೆ, ಹಬ್ಬವೂ ಇರುತ್ತದೆ. ಕಥೆ ತೆಗೆದುಹಾಕಿದರೂ ಲೆಕ್ಕಕ್ಕೆ ಏನೂ ಕೊರತೆಯಾಗುವುದಿಲ್ಲ. ಕಥೆ ಕೆಲಸಕ್ಕೆ ಬರಬೇಕಾದರೆ ಒಟ್ಟನ್ನು ಮೊದಲೇ ಗೊತ್ತುಮಾಡುವ ಕಾರಣ ಅಜ್ಜಿಗೆ ಇರಬೇಕು. ರಂಗೋಲಿಯಲ್ಲಿ ಅಂಥ ಕಾರಣ ನಿಜವಾಗಿಯೂ ಇದೆ. ದೊಡ್ಡ ರಂಗೋಲಿಯ ಬಣ್ಣವನ್ನು ಎರಡು ಸಲ ಬೆರೆಸಿದರೆ ಎರಡನೆಯದು ಮೊದಲಿನದಕ್ಕೆ ಪೂರಾ ಹೊಂದುವುದು ಕಷ್ಟ. ಪಕ್ಕಪಕ್ಕದ ಎಸಳುಗಳಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಬೇಕಾದಷ್ಟನ್ನೂ ಒಂದೇ ಸಲಕ್ಕೆ ಬೆರೆಸಿಕೊಳ್ಳಬೇಕು. ಈ ಒಂದು ಅಂಶದ ಮೇಲೆ ಕಥೆಯನ್ನು ಹೀಗೆ ಕಟ್ಟಬಹುದು.

*

ನಾಳೆ ತೇರು. ದೇವಸ್ಥಾನದ ಮುಂದಿನ ಜಾಗ ಅಜ್ಜಿಯ ಪಾಲಿಗೆ ಬಂದಿತ್ತು. ಹಾಕಬೇಕಾದದ್ದು ಹದಿನಾರು ಎಸಳಿನ ಕಮಲ, ಎಲ್ಲ ಎಸಳೂ ಕೇಸರಿ.

ಅಜ್ಜಿ ಮಣೆಯ ಮೇಲೆ ಹಳದಿ ರಂಗೋಲಿ ಒಂದು ಚಮಚ, ಕೆಂಪು ಒಂದು ಚಮಚ ಹಾಕಿ ಕಲಸಿದಳು. ಇಟ್ಟಿಗೆ ಬಣ್ಣ ಬಂತು. ಇನ್ನೊಂದು ಚಮಚ ಹಳದಿ ಸೇರಿಸಿದಳು. ಈಗ ತೀರಾ ತಿಳಿಯಾಯಿತು. ಅದಕ್ಕೆ ಇನ್ನೊಂದು ಚಮಚ ಕೆಂಪು, ಮತ್ತೊಂದು ಹಳದಿ. ಕಣ್ಣು ಕಿರಿದು ಮಾಡಿ ನೋಡಿ, "ಹೂಂ, ಇದೇ ನೋಡು. ಮೂರಕ್ಕೆ ಎರಡು" ಅಂದಳು.

"ಹೋದ ವರ್ಷ ಇಂಥದೇ ಕಮಲಕ್ಕೆ ಅರ್ಧ ಕಿಲೋ ಹಿಡಿದಿತ್ತು. ಶೆಟ್ರ ಅಂಗಡಿಗೆ ಹೋಗಿ ಬಣ್ಣ ತಗೊಂಬಾ ಪುಟ್ಟಿ."

"ಯಾವುದು ಎಷ್ಟು ತರಲಿ ಅಜ್ಜಿ? ಶೆಟ್ರು ತೂಕದಲ್ಲಿ ಕೊಡೋದು. ಮೂರು ಚಮಚ ಅಂದ್ರೆ ನಗ್ತಾರೆ."

ಅಜ್ಜಿ ಚೌಕಾಬಾರದ ಡಬ್ಬಿಯಿಂದ ಹುಣಸೆಬೀಜ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟಳು. "ಈ ಮೂರು ಹಳದಿ, ಈ ಎರಡು ಕೆಂಪು. ಎಲ್ಲ ಬೀಜಕ್ಕೂ ಒಂದೇ ತೂಕ ಅಂದ್ಕೋ. ಅರ್ಧ ಕಿಲೋನ ಇಷ್ಟಕ್ಕೂ ಸರಿಯಾಗಿ ಹಂಚು."

ಪುಟ್ಟಿ ಎಣಿಸಿದಳು. ಐದು ಬೀಜ, ಐನೂರು ಗ್ರಾಂ. "ಒಂದೊಂದಕ್ಕೆ ನೂರು!" ಅನ್ನುತ್ತಲೇ ಚೀಲ ಹಿಡಿದು ಓಡಿದಳು.

ಅಷ್ಟೇ ಬೇಗ ತಿರುಗಿ ಬಂದಳು. ಚೀಲ ಖಾಲಿ. "ಅಜ್ಜಿ, ಹಳದಿ ಬೇಕಾದಷ್ಟಿದೆಯಂತೆ. ಕೆಂಪು ಬರೀ ನೂರಿಪ್ಪತ್ತು ಗ್ರಾಂ ಉಳಿದಿದೆ. ಅದನ್ನ ನಮಗೇ ಅಂತ ತೆಗೆದಿಟ್ಟಿದ್ದಾರೆ. ಈಗ ಹಳದಿ ಎಷ್ಟು ತರಲಿ?"

ಅಜ್ಜಿ ಬೀಜಗಳನ್ನು ಅವಳ ಕಡೆಗೆ ಸರಿಸಿದಳು.

*

ಕಥೆ ಇಲ್ಲಿಗೆ ನಿಲ್ಲಬೇಕು. ಉತ್ತರವನ್ನೂ ಅಜ್ಜಿಯ ಬಾಯಲ್ಲಿ ಹೇಳಿಸಿಬಿಟ್ಟರೆ ಹಾಳೆಯಲ್ಲಿ ಮಗುವಿಗೆ ಉಳಿಯುವುದು ಅಂಕಿ ಬದಲಾಯಿಸುವ ಕೆಲಸ ಮಾತ್ರ. ಕಥೆಯಲ್ಲಿ ಅನುಪಾತ ಎಂಬ ಪದ ಎಲ್ಲೂ ಬಂದಿಲ್ಲ, 3:2 ಎಂಬ ಬರವಣಿಗೆಯೂ ಇಲ್ಲ. ಅವೆರಡೂ ಮೊದಲ ಪ್ರಶ್ನೆಯ ನಂತರ ಬಂದರೆ ಸಾಕು, ಆ ಹೊತ್ತಿಗೆ ಮಗುವಿನ ಕೈಯಲ್ಲಿ ಬೀಜಗಳಿರುತ್ತವೆ.

ಬೀಜಗಳ ಕೆಲಸ ಏನು ಎಂಬುದು ಮಕ್ಕಳು ಮಾಡುವ ತಪ್ಪನ್ನು ನೋಡಿದರೆ ತಿಳಿಯುತ್ತದೆ. ಆರುನೂರು ಗ್ರಾಮನ್ನು 3:2ರಲ್ಲಿ ಹಂಚಿ ಎಂದರೆ ಅನೇಕರು ಆರುನೂರನ್ನು ಮೂರರಿಂದ ಭಾಗಿಸಿ ಹಳದಿ ಇನ್ನೂರು, ಎರಡರಿಂದ ಭಾಗಿಸಿ ಕೆಂಪು ಮುನ್ನೂರು ಎಂದು ಬರೆಯುತ್ತಾರೆ. ಮೂರು ಎಂದರೆ ಮೂರು ಪಾಲು ಎನ್ನುವ ಬದಲು ಮೂರನೆಯ ಒಂದು ಪಾಲು ಎಂದು ಓದಿಕೊಂಡದ್ದರ ಫಲ ಇದು. ಗುರುತು ಹಿಡಿಯುವುದು ಸುಲಭ. ಒಟ್ಟು ಐನೂರಾಯಿತು, ನೂರು ಗ್ರಾಂ ಎಲ್ಲೋ ಸೋರಿಹೋಗಿದೆ. ಅದಕ್ಕಿಂತ ಮೋಜಿನದೆಂದರೆ, ಹೆಚ್ಚಿರಬೇಕಾದ ಹಳದಿಯೇ ಕಡಿಮೆಯಾಗಿ ಕುಳಿತಿದೆ. ಬೀಜ ಇಟ್ಟು ನೋಡಿದ ಮಗು ಈ ತಪ್ಪು ಮಾಡುವುದು ಕಷ್ಟ, ಏಕೆಂದರೆ ಐದು ಎಂಬ ಸಂಖ್ಯೆ ಪ್ರಶ್ನೆಯಲ್ಲಿ ಇಲ್ಲದಿದ್ದರೂ ನೆಲದ ಮೇಲೆ ಇದೆ. ಆರುನೂರನ್ನು ಐದಕ್ಕೆ ಹಂಚಿದರೆ ಬೀಜಕ್ಕೆ ನೂರಿಪ್ಪತ್ತು. ಹಳದಿ 360, ಕೆಂಪು 240.

ಕಥೆಯಲ್ಲಿ ಐನೂರು, ಹಾಳೆಯಲ್ಲಿ ಆರುನೂರು ಇಟ್ಟದ್ದು ಸುಮ್ಮನೆ ಅಲ್ಲ. ಐನೂರು ಮೂರರಿಂದ ಭಾಗವಾಗುವುದಿಲ್ಲ, ಆದ್ದರಿಂದ ತಪ್ಪುದಾರಿ ಅಲ್ಲೇ ಮುಚ್ಚಿಕೊಳ್ಳುತ್ತದೆ. ಆರುನೂರು ಎರಡು, ಮೂರು, ಐದು ಎಲ್ಲದರಿಂದಲೂ ಭಾಗವಾಗುತ್ತದೆ. ಬೀಜ ಅರ್ಥವಾಗಿದೆಯೋ ಇಲ್ಲವೋ ಎಂದು ತಿಳಿಯಲು ಇಂಥ ಸಂಖ್ಯೆಯೇ ಬೇಕು. 1:1 ಅಥವಾ 3:1ರಂಥ ಅನುಪಾತದಿಂದ ಶುರುಮಾಡುವ ಹಾಳೆಗಳು ನನಗೆ ಹಿಡಿಸುವುದಿಲ್ಲ. ಒಂದು ಎಂಬುದು ಒಂದು ಬೀಜವೋ ಒಂದು ಗ್ರಾಮೋ ಎಂಬ ಗೊಂದಲ ಅಲ್ಲಿ ಬಚ್ಚಿಟ್ಟುಕೊಂಡೇ ಇರುತ್ತದೆ.

ಇದೇ ಲೆಕ್ಕ ನಮ್ಮ ನೆಲದಲ್ಲಿ 9ನೇ ಶತಮಾನದಲ್ಲೇ ಪುಸ್ತಕಕ್ಕೆ ಬಂದಿತ್ತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲಿ ಒಟ್ಟನ್ನು ಪಾಲುಗಳಿಗೆ ಒಡೆಯುವುದಕ್ಕೆ ಬೇರೆಯದೇ ಭಾಗವಿದೆ, ಅದರ ಹೆಸರು ಪ್ರಕ್ಷೇಪಕ. ಅಲ್ಲಿಯ ಒಂದು ಲೆಕ್ಕದಲ್ಲಿ 120 ನಾಣ್ಯಗಳನ್ನು ನಾಲ್ಕು ಜನ ಆಳುಗಳಿಗೆ ಅರ್ಧ, ಮೂರರಲ್ಲೊಂದು, ನಾಲ್ಕರಲ್ಲೊಂದು, ಆರರಲ್ಲೊಂದು ಎಂಬ ಪ್ರಮಾಣದಲ್ಲಿ ಹಂಚಬೇಕು. ಪ್ರಶ್ನೆಯನ್ನು ಅಕ್ಷರಶಃ ಹಿಡಿದರೆ ಅರವತ್ತು, ನಲವತ್ತು, ಮೂವತ್ತು, ಇಪ್ಪತ್ತು. ಕೂಡಿದರೆ ನೂರೈವತ್ತು, ಚೀಲದಲ್ಲಿ ಅಷ್ಟು ನಾಣ್ಯವೇ ಇಲ್ಲ. ನಮ್ಮ ಆರನೇ ತರಗತಿಯ ಮಗು ಬೀಳುವ ಹಳ್ಳವೂ ಇದೇ ಜಾತಿಯದು. ಹನ್ನೆರಡನ್ನು ಸಾಮಾನ್ಯ ಛೇದ ಮಾಡಿಕೊಂಡರೆ ಆ ನಾಲ್ಕು ಭಿನ್ನರಾಶಿಗಳು 6, 4, 3, 2 ಆಗುತ್ತವೆ, ಒಟ್ಟು ಹದಿನೈದು ಬೀಜ. ಬೀಜಕ್ಕೆ ಎಂಟು ನಾಣ್ಯ. ಪಾಲುಗಳು 48, 32, 24, 16.

ಇನ್ನು ಪುಟ್ಟಿಯ ಪ್ರಶ್ನೆಗೆ ಬರೋಣ. ಕೆಂಪು ಇರುವುದು 120 ಗ್ರಾಂ. ಕೆಂಪಿಗೆ ಎರಡು ಬೀಜ, ಅಂದರೆ ಈಗ ಒಂದು ಬೀಜದ ತೂಕ ಅರವತ್ತಕ್ಕೆ ಇಳಿಯಿತು. ಹಳದಿಗೆ ಮೂರು ಬೀಜ, 180 ಗ್ರಾಂ ತರಬೇಕು. ಒಟ್ಟು ಮುನ್ನೂರು ಗ್ರಾಂ ಕೇಸರಿಯಾಗುತ್ತದೆ, ಹದಿನಾರು ಎಸಳಿಗೆ ಸಾಲುವುದಿಲ್ಲ. ಒಂದು ಎಸಳು ಬಿಟ್ಟು ಒಂದಕ್ಕೆ ತುಂಬಿ, ನಡುವಿನವಕ್ಕೆ ಬೇರೆ ಬಣ್ಣ ಹಾಕಬೇಕಾದೀತು.

ಇಲ್ಲಿ ಹೊಸದೊಂದು ತಪ್ಪು ಕಾಯುತ್ತಿರುತ್ತದೆ, ಮೊದಲಿನದಕ್ಕಿಂತ ಹಠಮಾರಿ. ಬೇಕಾದದ್ದು ಇನ್ನೂರು, ಇರುವುದು ನೂರಿಪ್ಪತ್ತು, ಎಂಬತ್ತು ಕಡಿಮೆ. ಹಾಗಾದರೆ ಹಳದಿಯಲ್ಲೂ ಎಂಬತ್ತು ಕಳೆದು 220 ತಂದರಾಯಿತು ಎಂದು ಮಗು ಹೇಳುತ್ತದೆ. ಎರಡಕ್ಕೂ ಸಮನಾಗಿ ಕಡಿಮೆ ಮಾಡಿದ್ದೇನೆ, ನ್ಯಾಯವಾಗಿಯೇ ಇದೆಯಲ್ಲ ಎಂಬುದು ಅದರ ವಾದ. ಸೂತ್ರ ಹೇಳಿ ಈ ನಂಬಿಕೆಯನ್ನು ಕದಲಿಸುವುದು ಕಷ್ಟ. ಅದೇ ದಾರಿಯಲ್ಲಿ ಇನ್ನೂ ಮುಂದೆ ಕರೆದುಕೊಂಡು ಹೋಗುವುದು ಮೇಲು. ಶೆಟ್ಟರ ಅಂಗಡಿಯಲ್ಲಿ ಕೆಂಪು ಚೂರೂ ಇಲ್ಲದಿದ್ದರೆ? ಎರಡರಲ್ಲೂ ಇನ್ನೂರು ಕಳೆಯೋಣ. ಕೆಂಪು ಸೊನ್ನೆ, ಹಳದಿ ನೂರು. ಇದು ಕೇಸರಿಯೇ? ಬಣ್ಣದ ಲೆಕ್ಕಕ್ಕೆ ಲಾಡು ಹಂಚುವ ಲೆಕ್ಕಕ್ಕಿಂತ ಇರುವ ಮೇಲುಗೈ ಇದು. ಲಾಡು ತಪ್ಪಾಗಿ ಹಂಚಿದರೂ ಲಾಡಾಗಿಯೇ ಇರುತ್ತದೆ, ಬಣ್ಣ ತಪ್ಪಿದರೆ ಮಣೆಯ ಮೇಲೆ ಕಾಣುತ್ತದೆ. 220ಕ್ಕೆ 120 ಬೆರೆಸಿದರೂ ಅಜ್ಜಿಯ ಕಣ್ಣಿಗೆ ಅದು ಹಳದಿಯ ಕಡೆ ವಾಲಿದಂತೆ ಕಾಣದಿರದು.

ಕಥೆ ಬರೆಯುವವರು ಕಾಳಜಿ ವಹಿಸಬೇಕಾದ ಒಂದು ಸೂಕ್ಷ್ಮ ಇದೆ. ಅಜ್ಜಿ ಬಣ್ಣ ನೋಡಿದ್ದು ಚಮಚದಲ್ಲಿ, ಪುಟ್ಟಿ ಕೊಳ್ಳುವುದು ತೂಕದಲ್ಲಿ. ಚಮಚದ 3:2 ತೂಕದಲ್ಲೂ 3:2 ಆಗಿ ಉಳಿಯಬೇಕಾದರೆ ಎರಡೂ ಪುಡಿ ಸಮಸಮ ಭಾರ ಇರಬೇಕು. ಹಳದಿ ರಂಗೋಲಿ, ಕೆಂಪು ರಂಗೋಲಿ ಎರಡೂ ಒಂದೇ ಬಗೆಯ ಕಲ್ಲಿನ ಪುಡಿಗೆ ಬಣ್ಣ ಹಾಕಿದವಾದರೆ ತೊಂದರೆಯಿಲ್ಲ. ಕೆಂಪು ರಂಗೋಲಿಯ ಬದಲು ಹಗುರವಾದ ಗುಲಾಲ್ ಬಳಸಿದ್ದರೆ ಕಥೆಯೇ ಕೆಡುತ್ತಿತ್ತು. ಚಮಚ ಕಲ್ಲುಪುಡಿ ಆರು ಗ್ರಾಂ, ಚಮಚ ಗುಲಾಲ್ ಮೂರು ಗ್ರಾಂ ಎಂದಿಟ್ಟುಕೊಳ್ಳಿ. ಮೂರು ಚಮಚಕ್ಕೆ ಹದಿನೆಂಟು ಗ್ರಾಂ, ಎರಡು ಚಮಚಕ್ಕೆ ಆರು ಗ್ರಾಂ. ತೂಕದಲ್ಲಿ ಅದು 3:1 ಆಗಿಹೋಯಿತು.

ಹಾಗಾದರೆ ತೂಕದ ಗೊಡವೆ ಬಿಟ್ಟು ಎಲ್ಲವನ್ನೂ ಬಟ್ಟಲಲ್ಲೇ ಹೇಳಬಾರದೇಕೆ? ಅದರಲ್ಲೂ ಒಂದು ತೊಡಕಿದೆ. ಮೂರು ಬಟ್ಟಲು ತರಿಪುಡಿಗೆ ಎರಡು ಬಟ್ಟಲು ನುಣುಪುಡಿ ಬೆರೆಸಿದರೆ ಐದು ಬಟ್ಟಲು ತುಂಬುವುದಿಲ್ಲ, ನುಣುಪು ತರಿಯ ಸಂದಿನೊಳಗೆ ಇಳಿದು ಕೂರುತ್ತದೆ. ಮನೆಯಲ್ಲಿ ಮಾಡಿ ನೋಡುವ ಮಗು ಹಾಳೆಯೇ ತಪ್ಪು ಎಂದೀತು. ಗ್ರಾಂ ಮಾತ್ರ ಎಲ್ಲೂ ಸಂದಿಗೆ ಸೇರುವುದಿಲ್ಲ.

ಅರಿಸಿನವನ್ನು ಹಳದಿಯಾಗಿಯೂ ಸುಣ್ಣವನ್ನು ಬಿಳಿಯಾಗಿಯೂ ತಂದು ಕಥೆ ಕಟ್ಟುವ ಆಸೆ ಕೆಲವರಿಗೆ ಬರಬಹುದು. ಆರತಿ ತಟ್ಟೆಯ ನೀರು ಕೆಂಪಾಗುವುದು ಅವೆರಡು ಕೂಡಿಯೇ. ಅಂಥ ಕಡೆ ಅನುಪಾತದ ಲೆಕ್ಕ ಸರಿಬಂದರೂ ಬಣ್ಣ ತಿಳಿಹಳದಿಯಾಗುವುದಿಲ್ಲ.

ಹಾಳೆಯ ಕೊನೆಗೆ ಎರಡು ಪ್ರಶ್ನೆ ಇಡಬಹುದು. ಮೊದಲನೆಯದು, ಅದೇ 3:2 ಕೇಸರಿಯಲ್ಲಿ ಹಳದಿ ಕೆಂಪಿಗಿಂತ 60 ಗ್ರಾಂ ಹೆಚ್ಚಿದೆ, ಒಟ್ಟು ಎಷ್ಟು? ಹೆಚ್ಚಿರುವುದು ಒಂದೇ ಬೀಜ, ಆದ್ದರಿಂದ ಬೀಜಕ್ಕೆ ಅರವತ್ತು, ಒಟ್ಟು ಮುನ್ನೂರು. ಎರಡನೆಯದರಲ್ಲಿ ಒಟ್ಟನ್ನೂ ಕೊಡುವುದಿಲ್ಲ, ವ್ಯತ್ಯಾಸವನ್ನೂ ಕೊಡುವುದಿಲ್ಲ: ಕೇಸರಿ 3:2ರಲ್ಲಿ ಬೆರೆತಿದೆ, ಹಳದಿ ಎಷ್ಟು ಗ್ರಾಂ? ಕೆಲವರು ಮೂರು ಗ್ರಾಂ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ, ಅವರೊಡನೆ ಮತ್ತೆ ಬೀಜಗಳ ಮುಂದೆ ಕೂರಬೇಕು. "ಬೀಜದ ತೂಕ ಹೇಳಿಲ್ಲವಲ್ಲ" ಎಂದು ಕೇಳಿದ ಮಗುವಿಗೆ ಮೂರು ಬಣ್ಣದ ಲೆಕ್ಕ ಕೊಡಬಹುದು.